ಅಂಕಪಟ್ಟಿ ಕಳೆದಿದೆ, ಓದಿದ ಶಾಲೆಯೂ ಮುಚ್ಚಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಓದಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಜಾಸ್ತಿ ಜನ ಪರದಾಡುವುದು ಈ ಒಂದು ಕಾರ್ಡಿಗಾಗಿಯೇ. ಕೆಲಸಕ್ಕೆ ಅರ್ಜಿ ಹಾಕಲು ಇದು ಬೇಕು, ಜನ್ಮ ದಿನಾಂಕ ತೋರಿಸಲೂ ಇದೇ ಬೇಕು. ಪಿಯುಸಿ, ಡಿಪ್ಲೊಮಾ, ಪದವಿ, ಟೈಪಿಂಗ್ ಪ್ರಮಾಣಪತ್ರಗಳ ಬಗ್ಗೆ ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ನಾನು ಓದಿದ ಹೈಸ್ಕೂಲು ಮುಚ್ಚಿಹೋಗಿದೆ. ಇನ್ನು ನನಗೆ ಅಂಕಪಟ್ಟಿ ಸಿಗುವುದಿಲ್ಲವೇ?

ಸಿಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಟ್ಟಿದ್ದು ಶಾಲೆಯಲ್ಲ, ಪರೀಕ್ಷಾ ಮಂಡಳಿ. ಶಾಲೆ ಅದನ್ನು ನಿಮ್ಮ ಕೈಗೆ ತಲುಪಿಸಿತ್ತು, ಅಷ್ಟೇ. ನಿಮ್ಮ ಅಂಕಗಳ ಮೂಲ ದಾಖಲೆ ಇರುವುದು ಮಂಡಳಿಯಲ್ಲಿ. ಆಗ ಅದರ ಹೆಸರು ಕರ್ನಾಟಕ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ. 2022ರಲ್ಲಿ ಪಿಯು ಪರೀಕ್ಷೆಯೂ ಅದರೊಳಗೆ ಸೇರಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆಯಿತು. ಮುಖ್ಯ ಕಚೇರಿ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಗಳಲ್ಲಿ ವಿಭಾಗೀಯ ಕಚೇರಿಗಳಿವೆ.

ಶಾಲೆಯೇ ಕೊಟ್ಟ ಕಾಗದಗಳ ಕಥೆ ಬೇರೆ. ವರ್ಗಾವಣೆ ಪತ್ರ ಅಂದರೆ ಟಿಸಿ, ವ್ಯಾಸಂಗ ಪ್ರಮಾಣಪತ್ರ, ದಾಖಲಾತಿ ರಿಜಿಸ್ಟರಿನ ಪ್ರತಿ, ಇವುಗಳ ಮೂಲ ಶಾಲೆಯ ರಿಜಿಸ್ಟರಿನಲ್ಲಿ ಇರುತ್ತದೆ. ಆ ರಿಜಿಸ್ಟರು ಈಗ ಯಾರ ವಶದಲ್ಲಿದೆಯೋ ಅವರೇ ಇವನ್ನು ಕೊಡಬೇಕು.

ಹಾಗಾಗಿ ಓಡಾಟ ಶುರುಮಾಡುವ ಮುಂಚೆ ಒಂದು ಕೆಲಸ ಮಾಡಿ. ಕಳೆದ ಕಾಗದದ ಮೇಲೆ ಯಾರ ಮುದ್ರೆ, ಯಾರ ಸಹಿ ಇತ್ತು ಅಂತ ನೆನಪು ಮಾಡಿಕೊಳ್ಳಿ. ಅಣ್ಣನದ್ದೋ ತಂಗಿಯದ್ದೋ ಅದೇ ಬಗೆಯ ಕಾರ್ಡು ಮನೆಯಲ್ಲಿದ್ದರೆ ತೆಗೆದು ನೋಡಿ. ನೀವು ಯಾವ ಬಾಗಿಲು ತಟ್ಟಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ.

ಅದಕ್ಕೂ ಮೊದಲು ಡಿಜಿಲಾಕರ್ ನೋಡಬಹುದಾ?

ನೋಡಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಪಾಸಾದವರ ಅಂಕಪಟ್ಟಿ ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಹುಡುಕಲು ರಿಜಿಸ್ಟರ್ ನಂಬರ್, ಪರೀಕ್ಷೆಯ ವರ್ಷ ಬೇಕು. ಮಂಡಳಿಯೇ ಡಿಜಿಲಾಕರಿಗೆ ಕೊಟ್ಟ ಅಂಕಪಟ್ಟಿಗೆ ಕಾನೂನಿನ ಪ್ರಕಾರ ಮೂಲ ಪ್ರತಿಯಷ್ಟೇ ಬೆಲೆ ಇದೆ. ಈ ನಿಯಮ 2017ರಿಂದಲೂ ಇದೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ನೀವೇ ಸ್ಕ್ಯಾನ್ ಮಾಡಿ ಹಾಕಿದ ಫೋಟೊಗೆ ಆ ಬೆಲೆ ಇಲ್ಲ. 'ಇಶ್ಯೂಡ್ ಡಾಕ್ಯುಮೆಂಟ್ಸ್' ವಿಭಾಗದಲ್ಲಿ ಬಂದದ್ದು ಮಾತ್ರ ಅಸಲಿನ ಲೆಕ್ಕಕ್ಕೆ ಬರುತ್ತದೆ. ಹಳೆಯ ವರ್ಷದವರಿಗೆ, ಅದರಲ್ಲೂ ಕೈಬರಹದ ಕಾಲದ ಕಾರ್ಡಿನವರಿಗೆ, ಅಲ್ಲಿ ಏನೂ ಸಿಗದಿದ್ದರೆ ಗಾಬರಿ ಬೇಡ. ಡಿಜಿಲಾಕರಿನಲ್ಲಿ ಇಲ್ಲ ಅಂದರೆ ಮಂಡಳಿಯಲ್ಲೂ ಇಲ್ಲ ಅಂತ ಅರ್ಥ ಅಲ್ಲ.

ಡಿಜಿಲಾಕರಿನಲ್ಲಿ ಸಿಕ್ಕರೂ ಕಾಗದದ ಡೂಪ್ಲಿಕೇಟಿಗೆ ಅರ್ಜಿ ಹಾಕಿಬಿಡಿ ಅಂತಲೇ ನಾನು ಹೇಳುವುದು. ದಾಖಲೆ ಪರಿಶೀಲನೆಯ ದಿನ ಎದುರಿಗೆ ಕೂತ ಸಿಬ್ಬಂದಿ 'ಒರಿಜಿನಲ್ ಕೊಡಿ' ಅಂದಾಗ ನಿಯಮ ವಿವರಿಸುತ್ತಾ ನಿಲ್ಲುವುದು ಕಷ್ಟ.

ಪೊಲೀಸ್ ದೂರು ಬೇಕೇ ಬೇಕಾ? ಠಾಣೆಗೆ ಹೋಗಲು ಹಿಂಜರಿಕೆ.

ಕಳೆದುಹೋಗಿದ್ದರೆ ಒಂದು ಪೊಲೀಸ್ ಸ್ವೀಕೃತಿ ಇದ್ದರೆ ಒಳ್ಳೆಯದು. ಅದಕ್ಕೆ ಎಫ್‌ಐಆರ್ ಬೇಕಿಲ್ಲ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ವರದಿ ಹಾಕಬಹುದು. ಅದರ ಸ್ವೀಕೃತಿ ಪತ್ರವನ್ನು ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿ. ಮೊಬೈಲಿನಲ್ಲಿ ಮಾಡಲು ಬರದಿದ್ದರೆ ಹತ್ತಿರದ ಸೈಬರ್ ಅಂಗಡಿಯಲ್ಲಿ ಮಾಡಿಸಬಹುದು.

ಕಳ್ಳತನ ಆಗಿದ್ದರೆ ಇ-ಲಾಸ್ಟ್ ಸಾಲದು. ಬ್ಯಾಗ್ ಕಿತ್ತುಕೊಂಡು ಹೋದದ್ದಾದರೆ ಠಾಣೆಯಲ್ಲೇ ದೂರು ಕೊಡಿ. ಕಾರ್ಡು ಹರಿದಿದ್ದರೆ, ಗೆದ್ದಲು ತಿಂದಿದ್ದರೆ ಪೊಲೀಸರ ತನಕ ಹೋಗುವ ಅಗತ್ಯವೇ ಇಲ್ಲ. ಉಳಿದ ತುಂಡೇ ನಿಮ್ಮ ಸಾಕ್ಷಿ.

ನೆರೆಯಲ್ಲಿ ಮನೆಯೇ ಹೋದವರು, ಬೆಂಕಿ ಅನಾಹುತಕ್ಕೆ ಸಿಕ್ಕವರು ಗ್ರಾಮ ಆಡಳಿತ ಅಧಿಕಾರಿ ಮಾಡಿದ ಮಹಜರಿನ ಪ್ರತಿ ಇಟ್ಟುಕೊಳ್ಳಿ. ಮಹಜರಿನಲ್ಲಿ ಪಾತ್ರೆ, ಬಟ್ಟೆ, ದವಸದ ಜೊತೆ 'ಶಾಲಾ ದಾಖಲೆಗಳು' ಅಂತಲೂ ಬರೆಸಿ. ಆ ಗಡಿಬಿಡಿಯಲ್ಲಿ ಇದನ್ನು ಯಾರೂ ನೆನಪು ಮಾಡುವುದಿಲ್ಲ.

ಅಫಿಡವಿಟ್‌ನಲ್ಲಿ ಏನು ಬರೆಸಬೇಕು?

2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಅಫಿಡವಿಟ್‌ಗೆ ₹100ರ ಛಾಪಾ ಕಾಗದ ಬೇಕು. ಮೊದಲು ₹20 ಇತ್ತು. ಹಳೆಯ ಲೆಕ್ಕದಲ್ಲೇ ಮಾಡಿಸಿದರೆ ವಾಪಸ್ ಬರುತ್ತದೆ. ಬರೆದಾದ ಮೇಲೆ ನೋಟರಿ ಮುಂದೆ ಸಹಿ ಹಾಕಬೇಕು.

ಟೈಪ್ ಮಾಡುವವರ ಹತ್ತಿರ ರೆಡಿ ಒಕ್ಕಣೆ ಇರುತ್ತದೆ. ಅದರಲ್ಲಿ 'ನನ್ನ ಅಂಕಪಟ್ಟಿ ಕಳೆದುಹೋಗಿರುತ್ತದೆ' ಅಂತ ಒಂದೇ ಸಾಲು ಇರುತ್ತದೆ. ಅದು ಸಾಲದು. ಯಾವ ಕಾರ್ಡು, ಯಾವ ವರ್ಷ, ಯಾವ ನಂಬರು ಅಂತ ಇರಬೇಕು. ಒಕ್ಕಣೆ ಹೀಗಿದ್ದರೆ ಸಾಕು:

'ನಾನು ಮಾರ್ಚ್/ಏಪ್ರಿಲ್ ...... ರಲ್ಲಿ ...... ಪ್ರೌಢಶಾಲೆ, ...... ಗ್ರಾಮ, ...... ತಾಲ್ಲೂಕು ಇಲ್ಲಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹಾಜರಾಗಿದ್ದು, ನನ್ನ ನೋಂದಣಿ ಸಂಖ್ಯೆ ...... ಆಗಿರುತ್ತದೆ. ಸದರಿ ಪರೀಕ್ಷೆಯ ಮೂಲ ಅಂಕಪಟ್ಟಿಯು ಮನೆ ಬದಲಾಯಿಸುವ ಸಮಯದಲ್ಲಿ ಕಳೆದುಹೋಗಿದ್ದು, ಹುಡುಕಿದರೂ ಸಿಕ್ಕಿರುವುದಿಲ್ಲ. ಅದನ್ನು ಯಾರಿಗೂ ಅಡವಿಟ್ಟಿರುವುದಿಲ್ಲ, ಯಾವ ಸಂಸ್ಥೆಯೂ ಅದನ್ನು ತಡೆಹಿಡಿದಿರುವುದಿಲ್ಲ. ಮುಂದೆ ಮೂಲ ಅಂಕಪಟ್ಟಿ ಸಿಕ್ಕಲ್ಲಿ ಮಂಡಳಿಗೆ ಹಿಂದಿರುಗಿಸುತ್ತೇನೆ.'

'ತಡೆಹಿಡಿದಿರುವುದಿಲ್ಲ' ಅನ್ನುವ ಮಾತು ಮುಖ್ಯ. ಫೀಸು ಬಾಕಿ ಅಂತ ಕಾಲೇಜೋ, ಬಾಂಡ್ ಅಂತ ಕಂಪನಿಯೋ ಮೂಲ ಕಾರ್ಡು ಇಟ್ಟುಕೊಂಡಿದ್ದರೆ 'ಕಳೆದಿದೆ' ಅಂತ ಪ್ರಮಾಣ ಮಾಡಬೇಡಿ. ಅದು ಸುಳ್ಳು ಪ್ರಮಾಣ ಆಗುತ್ತದೆ. ಆ ಜಗಳವನ್ನು ಬೇರೆಯಾಗಿಯೇ ಬಿಡಿಸಿಕೊಳ್ಳಬೇಕು.

ರಿಜಿಸ್ಟರ್ ನಂಬರ್ ನೆನಪಿಲ್ಲ. ಅದಿಲ್ಲದೆ ಅರ್ಜಿ ಹಾಕಬಹುದಾ?

ಹಾಕಿದರೂ ಮುಂದೆ ಹೋಗುವುದು ಕಷ್ಟ. ಲಕ್ಷಗಟ್ಟಲೆ ಜನ ಬರೆದ ಪರೀಕ್ಷೆ ಅದು. ಹೆಸರು ಮಾತ್ರ ಹಿಡಿದು ಹಳೆಯ ಲೆಡ್ಜರಿನಲ್ಲಿ ಹುಡುಕುವುದು ಆಗದ ಮಾತು. ಹೆಚ್ಚಿನ ಅರ್ಜಿಗಳು ನಿಲ್ಲುವುದೂ ಇಲ್ಲೇ. ಅದಕ್ಕೇ ಇದಕ್ಕೆ ಸ್ವಲ್ಪ ಹೊತ್ತು ಕೊಡಿ.

ಮೊದಲು ನೀವು ಪಿಯುಸಿ ಸೇರಿದ್ದ ಕಾಲೇಜಿಗೆ ಹೋಗಿ. ಸೇರುವಾಗ ಎಸ್ಸೆಸ್ಸೆಲ್ಸಿ ಕಾರ್ಡಿನ ಜೆರಾಕ್ಸ್ ಕೊಟ್ಟಿರುತ್ತೀರಿ, ಹೈಸ್ಕೂಲಿನ ಟಿಸಿಯ ಮೂಲ ಪ್ರತಿಯನ್ನೇ ಕೊಟ್ಟಿರುತ್ತೀರಿ. ಟಿಸಿ ವಾಪಸ್ ಕೊಡುವ ಪದ್ಧತಿ ಇಲ್ಲ. ಹಾಗಾಗಿ 'ಟಿಸಿ ಕಳೆದಿದೆ' ಅಂತ ಹುಡುಕುತ್ತಿರುವ ಎಷ್ಟೋ ಜನರ ಟಿಸಿ ಕಾಲೇಜಿನ ಹಳೆಯ ಕಟ್ಟಿನೊಳಗೆ ಇರುತ್ತದೆ. ವರ್ಷ, ವಿಭಾಗ ಹೇಳಿ ವಿನಯದಿಂದ ಕೇಳಿದರೆ ಗುಮಾಸ್ತರು ಹುಡುಕಿ ಕೊಡುತ್ತಾರೆ. ಹಳೆಯ ಕಡತ ತೆಗೆಯಲು ಅವರಿಗೂ ಒಂದೆರಡು ದಿನ ಬೇಕು.

ಅಲ್ಲಿ ಆಗದಿದ್ದರೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿದಾಗ ಕೊಟ್ಟ ಪ್ರತಿ, ಹಿಂದೆ ಕೆಲಸ ಮಾಡಿದ ಕಡೆಯ ಕಡತ, ಪಾಸ್‌ಪೋರ್ಟಿಗೆ ಕೊಟ್ಟ ಕಾಗದದ ಜೆರಾಕ್ಸ್, ಹಾಲ್ ಟಿಕೆಟ್ ಇವುಗಳನ್ನು ನೋಡಿ.

ಏನೂ ಸಿಗಲಿಲ್ಲವೇ? ಜೊತೆಗೆ ಓದಿದವರಿಗೆ ಫೋನ್ ಮಾಡಿ. ಒಂದು ಶಾಲೆಯ ಮಕ್ಕಳಿಗೆ ನಂಬರುಗಳು ಸಾಲಾಗಿ ಬಂದಿರುತ್ತವೆ. ಪರೀಕ್ಷೆಯಲ್ಲಿ ನಿಮ್ಮ ಹಿಂದೆ, ಮುಂದೆ ಕೂತವರ ನಂಬರ್ ಸಿಕ್ಕರೆ ನಿಮ್ಮದು ಅದರ ಆಸುಪಾಸಿನಲ್ಲೇ ಇರುತ್ತದೆ. ಅರ್ಜಿಯಲ್ಲಿ 'ನನ್ನ ಸಹಪಾಠಿಯ ಸಂಖ್ಯೆ ಇಂತಿದೆ, ಅದೇ ಶಾಲೆ, ಅದೇ ವರ್ಷ' ಅಂತ ಬರೆದರೆ ಹುಡುಕುವವರಿಗೆ ಒಂದು ಪುಟ ತೋರಿಸಿದಂತೆ ಆಗುತ್ತದೆ.

ಅರ್ಜಿ ಯಾರ ಮೂಲಕ ಹೋಗಬೇಕು? ಶುಲ್ಕ ಎಷ್ಟು?

ಶಾಲೆ ನಡೆಯುತ್ತಿದ್ದರೆ ಮುಖ್ಯ ಶಿಕ್ಷಕರ ದೃಢೀಕರಣದೊಂದಿಗೆ ಅರ್ಜಿ ಕಳಿಸುವುದು ಸುಲಭದ ದಾರಿ. ಅವರು ತಮ್ಮ ರಿಜಿಸ್ಟರಿನ ಜೊತೆ ಹೋಲಿಸಿ ಸಹಿ ಹಾಕುತ್ತಾರೆ. ಅರ್ಜಿ ನಮೂನೆ, ಈಗಿನ ಶುಲ್ಕ, ಕಟ್ಟುವ ವಿಧಾನ ಮಂಡಳಿಯ ಜಾಲತಾಣ kseab.karnataka.gov.in ನಲ್ಲಿ ನೋಡಿ. ಶುಲ್ಕ ಆಗಾಗ ಬದಲಾಗುವುದರಿಂದ ಯಾರೋ ಹೇಳಿದ ಮೊತ್ತ ನಂಬಿ ಚಲನ್ ಕಟ್ಟಬೇಡಿ.

ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಸಕಾಲದಡಿ ಬರುವ ಸೇವೆಯಾದರೆ 15 ಅಂಕಿಯ ಸಂಖ್ಯೆ ಕೊಡುತ್ತಾರೆ. ಅದಿದ್ದರೆ ಅರ್ಜಿ ಎಲ್ಲಿದೆ ಅಂತ ನೋಡಬಹುದು, ತಡವಾದರೆ ಮೇಲ್ಮನವಿ ಹಾಕಬಹುದು. ಬರೀ ಬಾಯಿಮಾತಿನ 'ಮುಂದಿನ ವಾರ ಬನ್ನಿ'ಗೆ ಒಪ್ಪಬೇಡಿ.

ಶಾಲೆ ಮುಚ್ಚಿದ್ದರೆ ದೃಢೀಕರಣ ಯಾರು ಮಾಡುತ್ತಾರೆ? ಒಂದು ಉದಾಹರಣೆ ಹೇಳಿ.

ಒಂದು ಸನ್ನಿವೇಶವನ್ನೇ ತೆಗೆದುಕೊಳ್ಳೋಣ. ಒಬ್ಬ ಹೆಣ್ಣುಮಗಳು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯ ಖಾಸಗಿ ಹೈಸ್ಕೂಲಿನಲ್ಲಿ ಓದಿ 1997ರ ಏಪ್ರಿಲ್‌ನಲ್ಲಿ ಪಾಸಾಗಿದ್ದಾಳೆ. ಮದುವೆಯಾಗಿ ಈಗ ದಾವಣಗೆರೆಯಲ್ಲಿದ್ದಾಳೆ. ಒಂದು ಕೆಲಸಕ್ಕೆ ಅರ್ಜಿ ಹಾಕಬೇಕು, ಕಾರ್ಡು ಕಳೆದಿದೆ. ಶಾಲೆ ಮುಚ್ಚಿ ವರ್ಷಗಳಾಗಿವೆ, ಕಟ್ಟಡದಲ್ಲಿ ಈಗ ಗೋದಾಮು.

ಅವಳು ಮೊದಲು ಇ-ಲಾಸ್ಟ್ ಸ್ವೀಕೃತಿ ತೆಗೆದುಕೊಳ್ಳುತ್ತಾಳೆ. ನಂತರ ರಾಣೆಬೆನ್ನೂರಿನಲ್ಲಿ ಪಿಯುಸಿ ಸೇರಿದ್ದ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಕಾರ್ಡಿನ ಮಸುಕಾದ ಜೆರಾಕ್ಸ್ ಸಿಗುತ್ತದೆ. ಅದರಲ್ಲಿ ರಿಜಿಸ್ಟರ್ ನಂಬರ್ ಓದಲು ಬರುತ್ತದೆ. ಅದಕ್ಕೂ ಟಿಸಿಗೂ ಪ್ರಾಂಶುಪಾಲರಿಂದ ದೃಢೀಕೃತ ಪ್ರತಿ ಮಾಡಿಸಿಕೊಳ್ಳುತ್ತಾಳೆ.

ಆ ಮೇಲೆ ರಾಣೆಬೆನ್ನೂರಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ. ಜನ ಬಿಇಒ ಆಫೀಸು ಅನ್ನುವುದು ಇದನ್ನೇ. ಶಾಲೆ ಮುಚ್ಚಿದಾಗ ಅದರ ದಾಖಲೆಗಳು ಬಿಇಒ ಕಚೇರಿಗೋ ಅವರು ಹೇಳಿದ ಹತ್ತಿರದ ಶಾಲೆಗೋ ಹೋಗುತ್ತವೆ. ಅವಳು ಬರವಣಿಗೆಯಲ್ಲೇ ಕೇಳುತ್ತಾಳೆ: 'ಇಂಥ ಪ್ರೌಢಶಾಲೆಯ ದಾಖಲಾತಿ ರಿಜಿಸ್ಟರನ್ನು ಯಾವ ಶಾಲೆಯ ಸುಪರ್ದಿಗೆ ವಹಿಸಲಾಗಿದೆ, ದಯವಿಟ್ಟು ತಿಳಿಸಬೇಕು.' ಪಕ್ಕದೂರಿನ ಸರ್ಕಾರಿ ಹೈಸ್ಕೂಲಿನಲ್ಲಿದೆ ಅಂತ ಉತ್ತರ ಬರುತ್ತದೆ.

ಅಲ್ಲಿನ ಮುಖ್ಯ ಶಿಕ್ಷಕರು ಬೀರು ತೆಗೆದು, ಟಿಸಿಯಲ್ಲಿದ್ದ ದಾಖಲಾತಿ ಸಂಖ್ಯೆ ಹಿಡಿದು, ಅವಳ ಸಾಲು ಕಂಡುಹಿಡಿಯುತ್ತಾರೆ. 'ಮುಚ್ಚಿರುವ ಇಂಥ ಶಾಲೆಯ ದಾಖಲೆಗಳು ಈ ಶಾಲೆಯ ವಶದಲ್ಲಿದ್ದು, ಅದರಂತೆ ದೃಢೀಕರಿಸಿದೆ' ಅಂತ ಬರೆದು ಸಹಿ ಹಾಕುತ್ತಾರೆ. ಅದರ ಮೇಲೆ ಬಿಇಒ ಮೇಲುಸಹಿ ಇದ್ದರೆ ಇನ್ನೂ ಗಟ್ಟಿ.

ಇಲ್ಲಿ ಇನ್ನೊಂದು ಸಣ್ಣ ವಿಷಯ ಇದೆ. ರಾಣೆಬೆನ್ನೂರು ಈಗ ಹಾವೇರಿ ಜಿಲ್ಲೆ. ಆದರೆ ಹಾವೇರಿ ಜಿಲ್ಲೆ ಆದದ್ದು 1997ರ ಆಗಸ್ಟ್‌ನಲ್ಲಿ. ಅವಳು ಪರೀಕ್ಷೆ ಬರೆದಾಗ ಅದು ಧಾರವಾಡ ಜಿಲ್ಲೆ. ಹಾಗಾಗಿ ಅರ್ಜಿಯಲ್ಲಿ 'ಆಗಿನ ಧಾರವಾಡ ಜಿಲ್ಲೆ, ಈಗಿನ ಹಾವೇರಿ ಜಿಲ್ಲೆ' ಅಂತ ಎರಡನ್ನೂ ಬರೆಯಬೇಕು. ಗದಗ, ಬಾಗಲಕೋಟೆ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ ಕಡೆಯವರಿಗೂ ಇದೇ ಮಾತು. ಆ ಜಿಲ್ಲೆಗಳೂ ಆಗಲೇ ಹುಟ್ಟಿದ್ದು.

ಅವಳು ಇರುವುದು ದಾವಣಗೆರೆಯಲ್ಲಿ, ಸರಿ. ಆದರೆ ಅರ್ಜಿ ಹೋಗಬೇಕಾದ್ದು ಓದಿದ ಊರಿನ ವಿಭಾಗಕ್ಕೆ, ಅಂದರೆ ಬೆಳಗಾವಿಗೆ. ಮನೆ ಹತ್ತಿರದ ಕಚೇರಿಗೆ ಕೊಟ್ಟು ಕಾಯುತ್ತಾ ಕೂರುವವರು ಬಹಳ.

ಆಧಾರಿನಲ್ಲಿ ನನ್ನ ಹೆಸರು ಬೇರೆ. ಡೂಪ್ಲಿಕೇಟ್ ಕಾರ್ಡಿನಲ್ಲಿ ಸರಿ ಮಾಡಿಸಿಕೊಳ್ಳಬಹುದಾ?

ಆಗುವುದಿಲ್ಲ. ಡೂಪ್ಲಿಕೇಟ್ ಅಂದರೆ ಮಂಡಳಿಯ ದಾಖಲೆಯಲ್ಲಿ ಅಂದು ಇದ್ದದ್ದು ಹಾಗೇ ಬರುವುದು. ತಪ್ಪು ಅಕ್ಷರ ಇದ್ದರೆ ಆ ತಪ್ಪೂ ಬರುತ್ತದೆ. ಹೆಸರು, ತಂದೆಯ ಹೆಸರು, ಜನ್ಮ ದಿನಾಂಕದ ತಿದ್ದುಪಡಿ ಬೇರೆಯೇ ಅರ್ಜಿ. ಅದು ಶಾಲೆಯ ರಿಜಿಸ್ಟರಿನಲ್ಲಿ ಏನಿದೆ ಅನ್ನುವುದರ ಮೇಲೆ ನಿಲ್ಲುತ್ತದೆ. ಜನ್ಮ ದಿನಾಂಕದ ವಿಷಯದಲ್ಲಂತೂ ಕೋರ್ಟಿನ ತನಕ ಹೋಗಬೇಕಾಗಬಹುದು.

ಮದುವೆಯ ನಂತರ ಹೆಸರು ಬದಲಾದವರು ಅಫಿಡವಿಟ್‌ನಲ್ಲಿ ಎರಡೂ ಹೆಸರು ಬರೆಸಿ 'ಇಬ್ಬರೂ ಒಬ್ಬರೇ' ಅಂತ ಹೇಳಿ, ವಿವಾಹ ನೋಂದಣಿ ಪತ್ರದ ಪ್ರತಿ ಇಡಿ. ಉತ್ತರ ಕರ್ನಾಟಕದ ಕಡೆ ಇದು ಜಾಸ್ತಿ ಕಾಡುತ್ತದೆ. ಕಾರ್ಡಿನಲ್ಲಿ ತಂದೆಯ ಹೆಸರು, ತವರಿನ ಅಡ್ಡಹೆಸರು ಇರುತ್ತದೆ. ಆಧಾರಿನಲ್ಲಿ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು. ಸಾಮ್ಯ ಇರುವುದು ಒಂದು ಪದದಲ್ಲಿ ಮಾತ್ರ.

ಕಾರ್ಡು ಇದೆ, ಆದರೆ ಲ್ಯಾಮಿನೇಷನ್ ಒಳಗೆ ಅಂಟಿ ಹಾಳಾಗಿದೆ. ಕಿತ್ತು ತೆಗೆಯಲಾ?

ತೆಗೆಯಬೇಡಿ. ಬಿಸಿ ಮಾಡಿ ಕೀಳಲು ಹೋದರೆ ಶಾಯಿ, ಮುದ್ರೆ ಎರಡೂ ಪ್ಲಾಸ್ಟಿಕ್ ಜೊತೆಗೇ ಎದ್ದು ಬರುತ್ತವೆ. ಇದ್ದಂತೆಯೇ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹಾಳಾದ ಕಾರ್ಡಿಗೆ ಬದಲು ಕೇಳುವಾಗ ಹಳೆಯದನ್ನು ಒಪ್ಪಿಸಬೇಕಾಗುತ್ತದೆ. ಹೆಸರು, ರಿಜಿಸ್ಟರ್ ನಂಬರ್ ಇರುವ ತುಂಡು ಉಳಿದಿದ್ದರೂ ಕೆಲಸ ಬೇಗ ಆಗುತ್ತದೆ.

ಹೊಸ ಕಾರ್ಡಿಗೆ ಮತ್ತೆ ಲ್ಯಾಮಿನೇಷನ್ ಮಾಡಿಸಬೇಡಿ. ವಿದೇಶಕ್ಕೆ ಹೋಗುವವರ ದಾಖಲೆಯ ಹಿಂದೆ ಅಪೊಸ್ಟಿಲ್ ಅನ್ನುವ ಸರ್ಕಾರಿ ದೃಢೀಕರಣದ ಚೀಟಿ ಅಂಟಿಸಬೇಕಾಗುತ್ತದೆ. ಪ್ಲಾಸ್ಟಿಕ್ ಮೇಲೆ ಅದು ಹೇಗೆ ನಿಲ್ಲುತ್ತದೆ? ಪಾರದರ್ಶಕ ಕವರಿನಲ್ಲಿ ಸುಮ್ನೆ ಇಟ್ಟರೆ ಸಾಕು.

ಬಿಇಒ ಕಚೇರಿಯವರು 'ನಮ್ಮಲ್ಲಿ ಆ ಶಾಲೆಯ ದಾಖಲೆ ಇಲ್ಲ' ಅಂದರೆ?

ಬರವಣಿಗೆಯಲ್ಲಿ ಕೊಡಲು ಹೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ ₹10, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. 'ನನಗೆ ಟಿಸಿ ಕೊಡಿ' ಅಂತ ಅದರಲ್ಲಿ ಕೇಳಿದರೆ ತಿರಸ್ಕಾರ ಆಗುತ್ತದೆ. 'ಈ ಶಾಲೆ ಮುಚ್ಚಿದ ಆದೇಶದ ಪ್ರತಿ ಮತ್ತು ದಾಖಲೆ ಹಸ್ತಾಂತರದ ಪತ್ರದ ಪ್ರತಿ ಕೊಡಿ' ಅಂತ ಕೇಳಿ. ಆ ಪತ್ರದಲ್ಲಿ ರಿಜಿಸ್ಟರು ಯಾರ ಕೈ ಸೇರಿತು ಅಂತ ಇರುತ್ತದೆ.

ಶಾಲೆ ನಡೆಸುತ್ತಿದ್ದ ವಿದ್ಯಾಸಂಸ್ಥೆ ಅಥವಾ ಟ್ರಸ್ಟು ಇನ್ನೂ ಇರಬಹುದು. ಒಂದು ಶಾಲೆ ಮುಚ್ಚಿ ಪಕ್ಕದೂರಿನಲ್ಲಿ ಇನ್ನೊಂದು ನಡೆಸುತ್ತಿರಬಹುದು. ಊರಿನ ಹಿರಿಯ ಮೇಷ್ಟರನ್ನು ಕೇಳಿದರೆ ಬೇಗ ಗೊತ್ತಾಗುತ್ತದೆ. ರಿಜಿಸ್ಟರು ನಿಜವಾಗಿಯೂ ನಾಶವಾಗಿದ್ದರೆ, 'ಲಭ್ಯವಿಲ್ಲ' ಅನ್ನುವ ಹಿಂಬರಹ ಪಡೆದು ಅದನ್ನೇ ಮಂಡಳಿಯ ಅರ್ಜಿಗೆ ಲಗತ್ತಿಸಿ. ಮಂಡಳಿಯ ದಾಖಲೆ ಶಾಲೆಯ ರಿಜಿಸ್ಟರನ್ನು ನಂಬಿಕೊಂಡು ನಿಂತಿಲ್ಲ.

ಕಾಲೇಜು ಮುಚ್ಚಿದ್ದರೆ? ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿದ್ದರೆ?

ಪದವಿ ಕೊಟ್ಟಿದ್ದು ವಿಶ್ವವಿದ್ಯಾಲಯ. ಡೂಪ್ಲಿಕೇಟ್ ಕೇಳಬೇಕಾದ್ದು ಅಲ್ಲಿನ ಮೌಲ್ಯಮಾಪನ ಕುಲಸಚಿವರನ್ನು. ಆದರೆ ಓದಿದ ವರ್ಷ ನೋಡಿಕೊಳ್ಳಿ. ವಿಟಿಯು ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಎಂಜಿನಿಯರಿಂಗ್ ಮುಗಿಸಿದವರ ಪದವಿ ಮೈಸೂರು, ಬೆಂಗಳೂರು, ಕರ್ನಾಟಕ ಹೀಗೆ ಆಯಾ ವಿಶ್ವವಿದ್ಯಾಲಯದ್ದು. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ಕಾಲೇಜು ಈಗ ಯಾವುದಕ್ಕೆ ಸೇರಿದೆ ಅನ್ನುವುದಲ್ಲ, ನಿಮ್ಮ ಪ್ರಮಾಣಪತ್ರ ಯಾವುದರದ್ದು ಅನ್ನುವುದೇ ಲೆಕ್ಕ.

ಪಿಯುಸಿ ಈಗ ಮಲ್ಲೇಶ್ವರದ ಮಂಡಳಿಗೇ ಸೇರಿದೆ. ಡಿಪ್ಲೊಮಾದವರು ತಾಂತ್ರಿಕ ಶಿಕ್ಷಣ ಇಲಾಖೆಯ ತಾಂತ್ರಿಕ ಪರೀಕ್ಷಾ ಮಂಡಳಿಗೆ ಹೋಗಬೇಕು.

ಟೈಪಿಂಗ್, ಶೀಘ್ರಲಿಪಿ ಕಲಿಸುತ್ತಿದ್ದ ಇನ್‌ಸ್ಟಿಟ್ಯೂಟುಗಳು ಊರೂರಲ್ಲಿ ಮುಚ್ಚಿವೆ. ಅವುಗಳಲ್ಲಿ ಕಲಿತು ಬರೆದ ಜೂನಿಯರ್, ಸೀನಿಯರ್ ಪರೀಕ್ಷೆ ನಡೆಸಿದ್ದು ಪರೀಕ್ಷಾ ಮಂಡಳಿ. ಅಲ್ಲಿಗೇ ಅರ್ಜಿ ಹಾಕಿ.

ಕಂಪ್ಯೂಟರ್ ಕೋರ್ಸಿನವರು ಕಾರ್ಡು ನೋಡಿ. ಡಿಒಇಎಸಿಸಿ ಪರೀಕ್ಷೆ ಬರೆದಿದ್ದರೆ ಆ ಸಂಸ್ಥೆಯ ಈಗಿನ ಹೆಸರು ನೀಲಿಟ್. ಅವರು ಕೊಡುತ್ತಾರೆ. ಬರೀ ಬೀದಿಯ ಸೆಂಟರೇ ಮುದ್ರೆ ಒತ್ತಿ ಕೊಟ್ಟ ಪತ್ರವಾಗಿದ್ದು, ಸೆಂಟರು ಮುಚ್ಚಿದ್ದರೆ, ಅದನ್ನು ಮತ್ತೆ ಕೊಡುವವರು ಯಾರೂ ಇಲ್ಲ. ಅಂಥದ್ದನ್ನು 'ಮಾಡಿಸಿಕೊಡುತ್ತೇವೆ' ಅನ್ನುವವರು ಕೊಡುವುದು ಖೋಟಾ ಕಾಗದ. ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ದಾಖಲೆಯನ್ನು ನೈಜತೆ ಪರಿಶೀಲನೆಗೆ ಕಳಿಸುತ್ತಾರೆ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಕೇಸೂ ಆಗುತ್ತದೆ.

ನಾನು ವಿದೇಶದಲ್ಲಿದ್ದೇನೆ. ಬರದೇ ಆಗುತ್ತದಾ?

ಹೆಚ್ಚಿನ ಮಟ್ಟಿಗೆ ಆಗುತ್ತದೆ. ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಅಫಿಡವಿಟ್ ಮಾಡಿಸಿ. ಊರಲ್ಲಿರುವ ತಂದೆಯೋ ತಮ್ಮನೋ ಓಡಾಡುವಂತೆ ಅಧಿಕಾರ ಪತ್ರ ಬರೆದು, ಪಾಸ್‌ಪೋರ್ಟಿನ ಪ್ರತಿಯೊಂದಿಗೆ ಕಳಿಸಿ. ಅಧಿಕಾರ ಪತ್ರದಲ್ಲಿ 'ಅರ್ಜಿ ಸಲ್ಲಿಸಲು' ಅಂತ ಮಾತ್ರ ಇದ್ದರೆ ಕಾರ್ಡು ಬಂದಾಗ ಅವರ ಕೈಗೆ ಕೊಡುವುದಿಲ್ಲ. 'ಅರ್ಜಿ ಸಲ್ಲಿಸಲು ಮತ್ತು ಅಂಕಪಟ್ಟಿ ಪಡೆಯಲು' ಅಂತ ಬರೆಯಿರಿ.

'ಡೂಪ್ಲಿಕೇಟ್' ಅಂತ ಅಚ್ಚಾದ ಕಾರ್ಡನ್ನು ಎಲ್ಲರೂ ಒಪ್ಪುತ್ತಾರಾ? ಹಳೆಯದು ಆಮೇಲೆ ಸಿಕ್ಕರೆ?

ಒಪ್ಪಬೇಕು. ಮಂಡಳಿಯೇ ಕೊಟ್ಟದ್ದು ಅದು. ಅಂಕ, ನಂಬರು, ದಿನಾಂಕ ಎಲ್ಲವೂ ಅವರ ದಾಖಲೆಯದ್ದೇ. ಯಾರಾದರೂ ತಕರಾರು ಮಾಡಿದರೆ ಮಂಡಳಿಗೆ ನೈಜತೆ ಪರಿಶೀಲನೆಗೆ ಕಳಿಸಿ ಅಂತ ಹೇಳಿ. ಇ-ಲಾಸ್ಟ್ ಸ್ವೀಕೃತಿ, ಅಫಿಡವಿಟ್ ಪ್ರತಿಗಳನ್ನು ಕಾರ್ಡಿನ ಜೊತೆಗೇ ಇಟ್ಟಿರಿ.

ಹಳೆಯದು ಸಿಕ್ಕರೆ ಅಫಿಡವಿಟ್‌ನಲ್ಲಿ ಹೇಳಿದಂತೆ ಮಂಡಳಿಗೆ ಹಿಂದಿರುಗಿಸಿ, ಸ್ವೀಕೃತಿ ಪಡೆಯಿರಿ. ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು ಕೊಟ್ಟರೆ ಪರಿಶೀಲನೆಯಲ್ಲಿ ಎರಡೂ ಅನುಮಾನಕ್ಕೆ ಬೀಳುತ್ತವೆ.